ರಾತ್ರಿ ಪಾಳಿಯಿಂದ ಹಗಲು ಪಾಳಿಗೆ: ಕ್ಯಾಮೆರಾದಲ್ಲಿ ಕಂಡ ಅನುಮಾನದ ಸಂಗತಿಗಳನ್ನು ಬರೆದುಕೊಡುವ ಕ್ರಮ

"ರಾತ್ರಿ 2 ಗಂಟೆಗೆ ಹಿಂದಿನ ಗೋಡೆಯ ಹತ್ತಿರ ಕಳ್ಳ ಬಂದಿದ್ದ. ಕ್ಯಾಮೆರಾ ನೋಡಿ."

ನಾನು ಹಗಲು ಪಾಳಿಯಲ್ಲಿದ್ದ ಕಾಲದಲ್ಲಿ ಒಂದು ಬೆಳಗ್ಗೆ ನನಗೆ ಸಿಕ್ಕ ಹಸ್ತಾಂತರ ಟಿಪ್ಪಣಿ ಇಷ್ಟೇ. ಬರೆದವನು ಸಹಿ ಹಾಕಿ, ಡ್ಯೂಟಿ ಮುಗಿಸಿ, ಮೊಬೈಲ್ ಆಫ್ ಮಾಡಿ ಮಲಗಿದ್ದ. ಹಿಂದಿನ ಗೋಡೆಯನ್ನು ನೋಡುವ ಕ್ಯಾಮೆರಾಗಳು ಮೂರು. ಎರಡು ಗಂಟೆಯ ಆಸುಪಾಸಿನ ಒಂದು ತಾಸನ್ನು ಮೂರರಲ್ಲೂ ನೋಡಿದೆ, ಏನೂ ಸಿಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೊನೆಗೂ ಒಬ್ಬ ಮನುಷ್ಯ ಕಂಡ. ಡಿವಿಆರ್‌ನಲ್ಲಿ ಆಗ ಮೂರು ಗಂಟೆಯಾಗಲು ಹತ್ತು ನಿಮಿಷವಿತ್ತು, ಜಾಗ ಹಿಂದಿನ ಗೋಡೆಯಲ್ಲ, ಪಕ್ಕದ ಓಣಿ. ಅವನು ಕಳ್ಳನೂ ಅಲ್ಲ, ಕ್ಯಾಂಟೀನಿಗೆ ಹಾಲು ಇಳಿಸಲು ಹೊತ್ತಿಗೆ ಮುಂಚೆ ಬಂದ ಹುಡುಗ. ಎರಡು ಸಾಲಿನಲ್ಲಿ ಮೂರು ತಪ್ಪು. ಆ ಟಿಪ್ಪಣಿ ಬರೆದವನು ಸೋಮಾರಿಯಾಗಿರಲಿಲ್ಲ. ರಾತ್ರಿಯೆಲ್ಲ ಎಚ್ಚರವಾಗಿದ್ದ, ಫೂಟೇಜ್ ನೋಡಿಯೂ ಇದ್ದ. ಬರೆಯುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಆಮೇಲೆ ನಾನೇ ರಾತ್ರಿ ಸೂಪರ್‌ವೈಸರ್ ಆದೆ. ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಗೋದಾಮು, ಹದಿನಾರು ಕ್ಯಾಮೆರಾ, ನಾಲ್ಕು ಜನ ಗಾರ್ಡ್‌ಗಳು, ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ ಪಾಳಿ. ಬರೆಯಲು ಕುಳಿತಾಗಲೆಲ್ಲ ನನ್ನನ್ನು ನಾನೇ ಕೇಳಿಕೊಳ್ಳುವ ಪ್ರಶ್ನೆ ಒಂದೇ: ನನಗೆ ಫೋನ್ ಮಾಡದೆ ಬೆಳಗಿನವರು ಆ ದೃಶ್ಯವನ್ನು ಒಂದು ನಿಮಿಷದಲ್ಲಿ ತೆರೆಯಬಲ್ಲರೇ? ಮುಂದಿನ ಹಂತಗಳೆಲ್ಲ ಈ ಪ್ರಶ್ನೆಯಿಂದಲೇ ಹುಟ್ಟಿದವು. ಒಂದು ರಾತ್ರಿಯ ಸಂಗತಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ.

ಇದು ಆಗಿಹೋದ ಘಟನೆಗಳ ಮಾತು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಕಣ್ಣೆದುರಿಗೇ ಯಾರಾದರೂ ಗೋಡೆ ಹಾರುತ್ತಿದ್ದರೆ ಟಿಪ್ಪಣಿಯ ಯೋಚನೆ ಬೇಡ, 112ಕ್ಕೆ ಕರೆ ಮಾಡಿ.

ಮೊದಲ ಹಂತ: ಗಡಿಯಾರಗಳನ್ನು ಹೋಲಿಸಿ

ಫೂಟೇಜ್ ನೋಡಲು ಕುಳಿತುಕೊಳ್ಳುವ ಮುಂಚೆ ಡಿವಿಆರ್‌ನ ಗಡಿಯಾರವನ್ನೂ ನಿಮ್ಮ ಮೊಬೈಲಿನ ಗಡಿಯಾರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಮೊಬೈಲಿನಲ್ಲಿ ವೇಳೆ ನೆಟ್‌ವರ್ಕಿನಿಂದ ತಾನಾಗಿ ಬರುವಂತೆ ಇಟ್ಟಿರಬೇಕು. ಇಂಟರ್ನೆಟ್ ಸಂಪರ್ಕವಿಲ್ಲದ ಡಿವಿಆರ್ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ, ತಿಂಗಳು ಕಳೆದಂತೆ ಮುಂದೆಯೋ ಹಿಂದೆಯೋ ಜಾರುತ್ತದೆ. ಒಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರಂತೂ ಕರೆಂಟ್ ಹೋಗಿ ಬಂದಾಗ ದಿನಾಂಕವೇ ಬದಲಾಗಿ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ.

ಆ ದಿನ ಬೆಳಗಿನ ಜಾವ ನಾನು ನೋಡಿದಾಗ ಮೊಬೈಲಿನಲ್ಲಿ 05:05:20, ಡಿವಿಆರ್‌ನಲ್ಲಿ 05:12:40. ಅಂದರೆ ಡಿವಿಆರ್ 7 ನಿಮಿಷ 20 ಸೆಕೆಂಡ್ ಮುಂದೆ. ಎರಡೂ ಒಟ್ಟಿಗೆ ಕಾಣುವ ಹಾಗೆ ಇನ್ನೊಬ್ಬರ ಮೊಬೈಲಿನಲ್ಲಿ ಒಂದು ಫೋಟೊ ತೆಗೆಸಿಟ್ಟೆ. ನಾಳೆ ಯಾರಾದರೂ ಪ್ರಶ್ನಿಸಿದರೆ ಆ ಒಂದು ಫೋಟೊ ಸಾಕು.

ವ್ಯತ್ಯಾಸ ಕಂಡ ಕೂಡಲೇ ಗಡಿಯಾರವನ್ನು ಸರಿಪಡಿಸಲು ಕೈ ತುರಿಸುತ್ತದೆ. ಸರಿಪಡಿಸಬೇಡಿ. ಗಡಿಯಾರವನ್ನು ಏಳು ನಿಮಿಷ ಹಿಂದಕ್ಕೆ ತಿರುಗಿಸಿದರೆ ಅದೇ ಏಳು ನಿಮಿಷ ದಾಖಲೆಯಲ್ಲಿ ಎರಡು ಸಲ ಬರುತ್ತದೆ, ಹುಡುಕುವವರಿಗೆ ಯಾವುದು ಮೊದಲನೆಯದು ಎಂದು ತಿಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಘಟನೆ ನಡೆದ ರಾತ್ರಿಯೇ ಸೂಪರ್‌ವೈಸರ್ ಡಿವಿಆರ್‌ನ ಸೆಟ್ಟಿಂಗ್ ಮುಟ್ಟಿದ್ದಾನೆ ಎಂಬ ಮಾತು ಬಂದರೆ ಅದಕ್ಕೆ ಉತ್ತರ ಕೊಡುವುದು ಕಷ್ಟ. ವ್ಯತ್ಯಾಸವನ್ನು ಟಿಪ್ಪಣಿಯ ಮೊದಲ ಸಾಲಿನಲ್ಲಿ ಬರೆಯಿರಿ. ಬೇಕಾದ ಕ್ಲಿಪ್‌ಗಳನ್ನು ಉಳಿಸಿಕೊಂಡ ಮೇಲೆ, ಸಿಸಿಟಿವಿ ನೋಡಿಕೊಳ್ಳುವವರು ಬಂದು ಎಲ್ಲರ ಎದುರು ಸರಿಪಡಿಸಲಿ.

ಇಲ್ಲಿಗೆ ಗಡಿಯಾರಗಳ ಕತೆ ಮುಗಿಯುವುದಿಲ್ಲ. ಗೇಟ್ ರಿಜಿಸ್ಟರಿನ ವೇಳೆ ಗಾರ್ಡ್‌ನ ಕೈಗಡಿಯಾರದ್ದು. ಹಾಜರಾತಿ ಯಂತ್ರಕ್ಕೆ ಅದರದೇ ಗಡಿಯಾರವಿದೆ. ಕೆಲವು ಕ್ಯಾಮೆರಾಗಳು ಡಿವಿಆರ್‌ನದಲ್ಲದೆ ತಮ್ಮದೇ ವೇಳೆಯನ್ನು ಚಿತ್ರದ ಮೂಲೆಯಲ್ಲಿ ಮುದ್ರಿಸುತ್ತವೆ. ನೀವು ಟಿಪ್ಪಣಿಯಲ್ಲಿ ಯಾವ ಯಾವ ವೇಳೆಯನ್ನು ಬಳಸುತ್ತೀರೋ ಅಷ್ಟನ್ನು ಮಾತ್ರ ಮೊಬೈಲಿಗೆ ಹೋಲಿಸಿ ಬರೆದುಕೊಂಡರೆ ಸಾಕು. ಆ ರಾತ್ರಿ ಹಿಂಬದಿ ರೌಂಡ್ಸ್‌ನಲ್ಲಿದ್ದ ಗಾರ್ಡ್‌ನ ಕೈಗಡಿಯಾರ 2 ನಿಮಿಷ ಮುಂದಿತ್ತು. ಈ ಎರಡು ನಿಮಿಷ ಮುಂದೆ ಕೆಲಸಕ್ಕೆ ಬರುತ್ತದೆ.

ಎರಡನೆಯ ಹಂತ: ನೋಡುವ ಕ್ರಮ

ಹದಿನಾರು ಕ್ಯಾಮೆರಾಗಳ ಹನ್ನೆರಡು ತಾಸು ಎಂದರೆ 192 ತಾಸಿನ ದೃಶ್ಯ. ಯಾರೂ ಅದನ್ನು ಪೂರ್ತಿ ನೋಡುವುದಿಲ್ಲ, ನೋಡಿದೆ ಎನ್ನುವವರನ್ನು ನಂಬಬೇಡಿ. ನಾನು ಮೊದಲು ಪ್ಲೇಬ್ಯಾಕ್‌ನಲ್ಲಿ ಕಾಣುವ ಪಟ್ಟಿಯನ್ನು ನೋಡುತ್ತೇನೆ. ದಾಖಲೆ ಎಲ್ಲಿಯಾದರೂ ತುಂಡಾಗಿದೆಯೇ? ಖಾಲಿ ಜಾಗವೂ ಒಂದು ಸಂಗತಿಯೇ, ಅದೂ ಟಿಪ್ಪಣಿಗೆ ಹೋಗಬೇಕು. ಆಮೇಲೆ ಚಲನೆಯ ಗುರುತುಗಳಿರುವ ಕಡೆಗಳನ್ನು, ಅದರಲ್ಲೂ ಗೋಡೆ ಮತ್ತು ಗೇಟುಗಳ ಕ್ಯಾಮೆರಾಗಳನ್ನು ನೋಡುತ್ತೇನೆ. ಚಲನೆ ಕಂಡಾಗ ಮಾತ್ರ ದಾಖಲಿಸುವಂತೆ ಡಿವಿಆರ್ ಇಟ್ಟಿದ್ದರೆ ಒಂದು ಎಚ್ಚರ ಬೇಕು. ಅಲ್ಲಿ "ದಾಖಲೆ ಇಲ್ಲ" ಎಂದರೆ "ಏನೂ ನಡೆದಿಲ್ಲ" ಎಂದಲ್ಲ, "ಯಂತ್ರಕ್ಕೆ ಚಲನೆ ಗೊತ್ತಾಗಲಿಲ್ಲ" ಎಂದು ಮಾತ್ರ.

ಬೇಗ ಮುಗಿಸುವ ಆಸೆಯಿಂದ ಹದಿನಾರು ಪಟ್ಟು ವೇಗದಲ್ಲಿ ಓಡಿಸುವವರಿದ್ದಾರೆ. ಅಷ್ಟು ವೇಗದಲ್ಲಿ ಹೆಚ್ಚಿನ ಡಿವಿಆರ್‌ಗಳು ಎಲ್ಲ ಚಿತ್ರಗಳನ್ನೂ ತೋರಿಸುವುದಿಲ್ಲ, ನಡುನಡುವಿನ ಕೆಲವು ಪೂರ್ಣ ಚಿತ್ರಗಳನ್ನು ಮಾತ್ರ ತೋರಿಸಿ ಉಳಿದವನ್ನು ಹಾರಿಸುತ್ತವೆ. ಓಣಿಯನ್ನು ಎರಡೇ ಸೆಕೆಂಡಿನಲ್ಲಿ ದಾಟಿದವನು ಆ ಸಂದಿಯಲ್ಲಿ ಮಾಯವಾಗಿಬಿಡಬಹುದು. ಗೋಡೆಯ ಕ್ಯಾಮೆರಾಗಳಿಗೆ ನಾಲ್ಕು ಪಟ್ಟು ನನ್ನ ಮಿತಿ.

ರಾತ್ರಿಯ ಚಿತ್ರವನ್ನು ಓದಲು ಬೇರೆಯೇ ಕಣ್ಣು ಬೇಕು. ಬೆಳಕು ಕುಗ್ಗಿದಾಗ ಕ್ಯಾಮೆರಾ ತನ್ನ ಇನ್‌ಫ್ರಾರೆಡ್ ದೀಪಗಳನ್ನು ಹಚ್ಚಿ ಕಪ್ಪು ಬಿಳುಪಿಗೆ ತಿರುಗುತ್ತದೆ. ಆ ಬೆಳಕಿನಲ್ಲಿ ಬಟ್ಟೆಯ ಬಣ್ಣ ಸುಳ್ಳು ಹೇಳುತ್ತದೆ. ನಮ್ಮ ಒಬ್ಬ ಗಾರ್ಡ್‌ನ ಕಪ್ಪು ಪಾಲಿಯೆಸ್ಟರ್ ಪ್ಯಾಂಟು ಕ್ಯಾಮೆರಾ 7ರಲ್ಲಿ ಸುಣ್ಣ ಬಳಿದಷ್ಟು ಬೆಳ್ಳಗೆ ಕಾಣುತ್ತದೆ, ಪಕ್ಕದಲ್ಲೇ ನಿಂತವನ ಕಪ್ಪು ಹತ್ತಿ ಅಂಗಿ ಬೂದಿಯಾಗುತ್ತದೆ. ಹೀಗಿರುವಾಗ "ಬಿಳಿ ಪ್ಯಾಂಟ್ ಧರಿಸಿದ್ದ" ಎಂದು ಬರೆದರೆ ಬೆಳಗಿನವರು ಬಿಳಿ ಪ್ಯಾಂಟಿನವನನ್ನೇ ಹುಡುಕುತ್ತಾರೆ. "ತಿಳಿ ಬಣ್ಣದಂತೆ ಕಾಣುವ ಪ್ಯಾಂಟ್, ಇನ್‌ಫ್ರಾರೆಡ್ ಚಿತ್ರ, ನಿಜವಾದ ಬಣ್ಣ ತಿಳಿಯದು" ಎಂದೇ ಬರೆಯಬೇಕು. ಗಾರ್ಡ್‌ಗಳ ಜಾಕೆಟ್ಟಿನ ಹೊಳೆಯುವ ಪಟ್ಟಿ ಕೆಂಡದಂತೆ ಉರಿಯುತ್ತದೆ. ವಾಹನದ ನಂಬರ್ ಪ್ಲೇಟೂ ಹಾಗೆಯೇ, ಬೆಳಕನ್ನು ಬಂದ ದಾರಿಗೇ ತಿರುಗಿಸುವ ಹಾಳೆ ಅಂಟಿಸಿರುವುದರಿಂದ ಬರೀ ಬಿಳಿ ಚೌಕವಾಗಿಬಿಡುತ್ತದೆ.

ಜೇಡ, ಹುಳು, ಮಳೆ ಇವು ಮೂರೂ ನಿತ್ಯದ ಕಾಟ. ದೀಪದ ಬಿಸಿಗೆ ಕ್ಯಾಮೆರಾದ ಮುಂದೆಯೇ ಜೇಡ ಬಲೆ ಕಟ್ಟುತ್ತದೆ, ಗಾಳಿಗೆ ಬಲೆ ಅಲುಗಿದಾಗಲೆಲ್ಲ ಚಲನೆಯ ಗುರುತು ಬೀಳುತ್ತದೆ. ಆ ರಾತ್ರಿ ಕ್ಯಾಮೆರಾ 9 ಒಂದರಲ್ಲೇ ಗುರುತುಗಳು ಲೆಕ್ಕವಿಲ್ಲದಷ್ಟಿದ್ದವು. ಒಂದು ಸಾಲಿನಲ್ಲಿ ಬರೆದು ಮುಗಿಸಿದೆ: ಬಲೆ ಒರೆಸಬೇಕು.

ಮೂರನೆಯ ಹಂತ: ಕಂಡದ್ದು ಬೇರೆ, ತಿಳಿದದ್ದು ಬೇರೆ

ಟಿಪ್ಪಣಿಯ ಜೀವ ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕ್ಯಾಮೆರಾ 7 ಹಿಂದಿನ ಗೋಡೆಯ ಉದ್ದಕ್ಕೂ ನೋಡುತ್ತದೆ. ಎಡಬದಿಯಲ್ಲಿ ನೀರಿನ ಟ್ಯಾಂಕ್, ಮಧ್ಯದಲ್ಲಿ ಗುಜರಿ ರಾಶಿ, ಅದರ ಪಕ್ಕ ಕೇಬಲ್ ಸುರುಳಿಗಳು, ಬಲಬದಿಗೆ ಹೋದರೆ ಪಕ್ಕದ ಓಣಿಯ ಚಿಕ್ಕ ಗೇಟು. ಡಿವಿಆರ್ ವೇಳೆ 02:24:31ಕ್ಕೆ ಟ್ಯಾಂಕಿನ ಕಡೆಯಿಂದ ಒಬ್ಬ ವ್ಯಕ್ತಿ ಚಿತ್ರದೊಳಕ್ಕೆ ಬರುತ್ತಾನೆ. ಗುಜರಿ ರಾಶಿಯ ಬಳಿ ಸುಮಾರು ನಲವತ್ತು ಸೆಕೆಂಡ್ ನಿಲ್ಲುತ್ತಾನೆ, ಬಗ್ಗುತ್ತಾನೆ, ಏಳುವಾಗ ಬಲಗೈಯಲ್ಲಿ ಏನೋ ಇದೆ. ಬಲಕ್ಕೆ ನಡೆದು 02:26:02ಕ್ಕೆ ಚಿತ್ರದಿಂದ ಹೊರಗೆ ಹೋಗುತ್ತಾನೆ. 7 ನಿಮಿಷ 20 ಸೆಕೆಂಡ್ ಕಳೆದರೆ ನಿಜವಾದ ವೇಳೆ 02:17:11ರಿಂದ 02:18:42.

ನನ್ನ ಪಕ್ಕದಲ್ಲಿ ಕುಳಿತಿದ್ದ ಗಾರ್ಡ್ ನೋಡಿದ ಕೂಡಲೇ "ಕೇಬಲ್ ಕದ್ದ ಸಾರ್" ಎಂದ. ನನಗೂ ಹಾಗೆಯೇ ಅನ್ನಿಸಿತು. ಆದರೆ ಕೇಬಲ್ ಚಿತ್ರದಲ್ಲಿ ಕಂಡಿತೇ? ಇಲ್ಲ. ಕೈಯಲ್ಲಿ ಏನೋ ಇತ್ತು, ಅಷ್ಟೇ. "ಕದ್ದ" ಎಂಬುದು ನಮ್ಮ ತಲೆಯಲ್ಲಿತ್ತು. ಒಮ್ಮೆ ಕಾಗದದ ಮೇಲೆ ಕೇಬಲ್ ಎಂದು ಬಂದರೆ ಬೆಳಗಿನವರು ಕೇಬಲ್ ಮಾತ್ರ ಎಣಿಸುತ್ತಾರೆ. ಗುಜರಿಯಲ್ಲಿ ಇನ್ನೇನೋ ಹೋಗಿದ್ದರೆ ಅದು ಯಾರಿಗೂ ತಿಳಿಯುವುದಿಲ್ಲ.

"ಅನುಮಾನಾಸ್ಪದ ವ್ಯಕ್ತಿ" ಎಂಬ ಮಾತನ್ನೂ ನಾನು ಬಿಟ್ಟಿದ್ದೇನೆ. ಯಾಕೆ ಅನುಮಾನ ಬಂತು ಎಂಬುದನ್ನೇ ಬರೆದರೆ ಆ ಪದ ಬೇಕಾಗುವುದಿಲ್ಲ: ಆ ಹೊತ್ತಿನಲ್ಲಿ ಅಲ್ಲಿ ಯಾರಿಗೂ ಕೆಲಸವಿರಲಿಲ್ಲ, ಮುಖ್ಯ ಗೇಟಿನಿಂದ ಒಳಬಂದ ದಾಖಲೆ ಇಲ್ಲ. "ಕೂಲಿಯವನಂತಿದ್ದ", "ಹೊರರಾಜ್ಯದವನಂತೆ ಕಂಡ" ಎಂಬಂಥ ಸಾಲುಗಳನ್ನು ನಾನು ಕಂಡಲ್ಲಿ ಹೊಡೆದು ಹಾಕುತ್ತೇನೆ. ಮುಖವೇ ಸರಿಯಾಗಿ ಕಾಣದ ಚಿತ್ರದಲ್ಲಿ ಊರು ಹೇಗೆ ಕಂಡಿತು? ಅಂಥ ಒಂದು ಸಾಲಿನಿಂದ ಮರುದಿನ ಲೋಡಿಂಗ್ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದದ್ದನ್ನು ನೋಡಿದ್ದೇನೆ.

ಈಗ ಕಷ್ಟದ ಭಾಗ. ರೌಂಡ್ಸ್ ರಿಜಿಸ್ಟರಿನಲ್ಲಿ ಹಿಂಬದಿಯ ಗಾರ್ಡ್ "02:15, ಹಿಂದಿನ ಗೋಡೆ, ಎಲ್ಲ ಸರಿ" ಎಂದು ಬರೆದಿದ್ದಾನೆ. ಅವನ ಗಡಿಯಾರ 2 ನಿಮಿಷ ಮುಂದೆ, ಆದ್ದರಿಂದ ನಿಜವಾದ ವೇಳೆ 02:13. ಆ ವ್ಯಕ್ತಿ ಕಾಣಿಸಿಕೊಳ್ಳುವ ನಾಲ್ಕು ನಿಮಿಷ ಮೊದಲು ಗಾರ್ಡ್ ಅಲ್ಲೇ ಇದ್ದ ಎಂದಾಯಿತು. ಆದರೆ ನಿಜವಾದ ವೇಳೆ 02:00ರಿಂದ 02:30ರವರೆಗೆ ಕ್ಯಾಮೆರಾ 7ರಲ್ಲಿ ಗಾರ್ಡ್ ಒಮ್ಮೆಯೂ ಕಾಣುವುದಿಲ್ಲ. ಮನಸ್ಸು ಎರಡು ಕಡೆಗೆ ಓಡುತ್ತದೆ. ಒಂದು, ರೌಂಡ್ಸ್ ಹೋಗದೆ ಬರೆದಿದ್ದಾನೆ. ಇನ್ನೊಂದು ಇನ್ನೂ ಕೆಟ್ಟದ್ದು, ಆ ವ್ಯಕ್ತಿ ಅವನೇ.

ಕರೆದು ಕೇಳಿದೆ. "ನಾನು ಟ್ಯಾಂಕಿನ ಹಿಂದಿನಿಂದ ಹೋದೆ ಸಾರ್, ಈ ಕಡೆ ನೀರು ನಿಂತು ಕೆಸರಾಗಿತ್ತು" ಎಂದ. ಟಾರ್ಚ್ ಹಿಡಿದು ಹೋಗಿ ನೋಡಿದೆ. ಕೆಸರು ಇತ್ತು. ಅವನನ್ನು ಟ್ಯಾಂಕಿನ ಹಿಂದೆ ನಡೆಯಲು ಹೇಳಿ, ಮಾನಿಟರ್ ಮುಂದೆ ಇನ್ನೊಬ್ಬನನ್ನು ಕೂರಿಸಿದೆ. ಆ ದಾರಿಯಲ್ಲಿ ಮನುಷ್ಯ ಕ್ಯಾಮೆರಾ 7ಕ್ಕೂ ಕಾಣುವುದಿಲ್ಲ, ಕ್ಯಾಮೆರಾ 6ಕ್ಕೂ ಕಾಣುವುದಿಲ್ಲ. ಇಷ್ಟು ವರ್ಷ ಅಲ್ಲಿ ಕುರುಡು ಜಾಗವಿತ್ತು, ನಮಗೇ ಗೊತ್ತಿರಲಿಲ್ಲ.

ಇದರಿಂದ ಅವನು ಹೋಗಿದ್ದ ಎಂದು ಸಾಬೀತಾಗಲಿಲ್ಲ. ಹೋಗಿರಲಿಕ್ಕೆ ಸಾಧ್ಯ ಎಂದಷ್ಟೇ ಆಯಿತು. ಚಿತ್ರದಲ್ಲಿದ್ದ ವ್ಯಕ್ತಿಯ ಮೈಮೇಲೆ ಹೊಳೆಯುವ ಪಟ್ಟಿ ಇರಲಿಲ್ಲ, ಗಾರ್ಡ್ ಜಾಕೆಟ್ ಹಾಕಿಕೊಂಡೇ ಇದ್ದ. ಜಾಕೆಟ್ ಬಿಚ್ಚಿಡಬಹುದು ಎನ್ನುವುದೂ ಸತ್ಯವೇ. ತೀರ್ಮಾನ ನನ್ನ ಕೆಲಸವಲ್ಲ. ಮೂರನ್ನೂ ಮೂರು ಬೇರೆ ಸಾಲುಗಳಲ್ಲಿ ಇಟ್ಟೆ: ಕ್ಯಾಮೆರಾದಲ್ಲಿ ಕಂಡದ್ದು, ಗಾರ್ಡ್ ಹೇಳಿದ್ದು, ನಾನು ಹೋಗಿ ಪರೀಕ್ಷಿಸಿದ್ದು. ಈ ಮೂರು ಒಂದೇ ವಾಕ್ಯದಲ್ಲಿ ಬೆರೆತರೆ ಬಡ ಗಾರ್ಡ್ ಒಬ್ಬನ ಕೆಲಸ ಹೋಗಬಹುದು, ಅಥವಾ ನಿಜವಾದ ತಪ್ಪು ಮುಚ್ಚಿಹೋಗಬಹುದು.

ನಾಲ್ಕನೆಯ ಹಂತ: ಕ್ಲಿಪ್ ಉಳಿಸುವುದು

ಡಿವಿಆರ್ ಹಾರ್ಡ್ ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತದೆ. ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಅಂದಾಜು ಮಾಡಬಹುದು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ನಿಲ್ಲದೆ ದಾಖಲಿಸಿದರೆ ದಿನಕ್ಕೆ ಸುಮಾರು 21.6 ಜಿಬಿ. ಹದಿನಾರಕ್ಕೆ 345 ಜಿಬಿಯ ಹತ್ತಿರ. 4 ಟಿಬಿ ಡಿಸ್ಕ್ ಇದ್ದರೆ ಹನ್ನೊಂದು ದಿನಕ್ಕೆ ತುಂಬುತ್ತದೆ. ಲೆಕ್ಕ ಬೇಡವಾದರೆ ಪ್ಲೇಬ್ಯಾಕ್‌ನ ಕ್ಯಾಲೆಂಡರಿನಲ್ಲಿ ಅತ್ಯಂತ ಹಳೆಯ ದಿನಾಂಕ ಯಾವುದೆಂದು ನೋಡಿ, ಅದೇ ಉತ್ತರ. "ಆಮೇಲೆ ತೆಗೆದುಕೊಂಡರಾಯಿತು" ಎಂದು ಬಿಟ್ಟ ದೃಶ್ಯಗಳು ಎರಡನೇ ವಾರದಲ್ಲಿ ಸದ್ದಿಲ್ಲದೆ ಅಳಿಸಿಹೋಗುತ್ತವೆ.

ಘಟನೆಯ ಹಿಂದೆ ಐದು ನಿಮಿಷ, ಮುಂದೆ ಐದು ನಿಮಿಷ ಸೇರಿಸಿ ಕ್ಲಿಪ್ ತೆಗೆಯಿರಿ. ಡಿವಿಆರ್‌ನ ಮೂಲ ರೂಪದಲ್ಲೇ, ಅದನ್ನು ತೆರೆಯುವ ಪ್ಲೇಯರ್ ಸಮೇತ ಪೆನ್‌ಡ್ರೈವ್‌ಗೆ ಹಾಕಿ. ಕಡತದ ಹೆಸರಿನಲ್ಲಿ ಕ್ಯಾಮೆರಾ ಸಂಖ್ಯೆ ಮತ್ತು ಡಿವಿಆರ್ ವೇಳೆ ಇರಲಿ, ಹುಡುಕುವವರು ಡಿವಿಆರ್‌ನಲ್ಲೇ ಹುಡುಕುವುದರಿಂದ. ಮಾನಿಟರನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ ವಿಡಿಯೊ ಮೂಲ ಪ್ರತಿಯಾಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದು ಕಳುಹಿಸಿದರೆ ಕುಗ್ಗಿ ಮಸುಕಾಗುತ್ತದೆ, ಮೇಲಾಗಿ ಸಂಜೆಯೊಳಗೆ ಇಡೀ ಪೀಣ್ಯಕ್ಕೆ ತಲುಪಿರುತ್ತದೆ.

ಕಂಪ್ಯೂಟರ್ ಇದ್ದರೆ ಇನ್ನೊಂದು ಕೆಲಸ ಮಾಡಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ ಟೈಪ್ ಮಾಡಿದರೆ ಆ ಕಡತದ ಹ್ಯಾಶ್ ಸಂಖ್ಯೆ ಬರುತ್ತದೆ:

```
certutil -hashfile E:\cam07_0219-0232.dav SHA256
```

ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಈ ಸಂಖ್ಯೆ ಬದಲಾಗುತ್ತದೆ. ಅಂದು ಕೊಟ್ಟದ್ದೂ ಇಂದು ತೋರಿಸುತ್ತಿರುವುದೂ ಒಂದೇ ಎಂದು ಹೇಳಲು ಇದೇ ಆಧಾರ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಇದ್ದ ಜಾಗಕ್ಕೆ ಬಂದಿದೆ. ಇಂಥ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಜೊತೆಗಿರಬೇಕಾದ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಸಂಖ್ಯೆಗೂ ಜಾಗವಿದೆ. ಪ್ರಮಾಣಪತ್ರ ಕೊಡುವುದು ಆಡಳಿತದವರ ಮತ್ತು ತಜ್ಞರ ಕೆಲಸ. ಸೂಪರ್‌ವೈಸರ್ ಆದವನು ಯಾವ ಡಿವಿಆರ್, ಅದರ ಸೀರಿಯಲ್ ನಂಬರ್ ಏನು, ಯಾರು ಯಾವಾಗ ತೆಗೆದರು ಎಂಬಿಷ್ಟನ್ನು ಅಂದೇ ಬರೆದಿಟ್ಟರೆ ಅವರ ಕೆಲಸ ನಡೆಯುತ್ತದೆ. ವರ್ಷದ ಮೇಲೆ ಯಾರೋ ಕೇಳಿದಾಗ ನೆನಪಿನಿಂದ ಹೇಳಲಾಗುವುದಿಲ್ಲ.

ಐದನೆಯ ಹಂತ: ಬರೆಯುವುದು

ಆ ರಾತ್ರಿಯ ನನ್ನ ಟಿಪ್ಪಣಿಯನ್ನು ಇದ್ದ ಹಾಗೆಯೇ ಕೊಡುತ್ತೇನೆ. ದಿನಾಂಕ ಮತ್ತು ಹೆಸರುಗಳನ್ನು ಮಾತ್ರ ಬಿಟ್ಟಿದ್ದೇನೆ.

> ಡಿವಿಆರ್ ಗಡಿಯಾರ 7 ನಿಮಿಷ 20 ಸೆಕೆಂಡ್ ಮುಂದೆ ಇದೆ (05:05ಕ್ಕೆ ಮೊಬೈಲಿಗೆ ಹೋಲಿಸಿದೆ, ಫೋಟೊ ಇದೆ). ಸರಿಪಡಿಸಿಲ್ಲ. ಕೆಳಗೆ ಮೊದಲು ನಿಜವಾದ ವೇಳೆ, ಆವರಣದಲ್ಲಿ ಡಿವಿಆರ್ ವೇಳೆ.
>
> ನೋಡಿದ್ದು: ಕ್ಯಾಮೆರಾ 3, 5, 6, 7, 11, ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ, ಚಲನೆಯ ಗುರುತು ಇರುವ ಕಡೆ. ಉಳಿದ ಕ್ಯಾಮೆರಾಗಳಲ್ಲಿ ದಾಖಲೆ ತುಂಡಾಗಿದೆಯೇ ಎಂದು ಮಾತ್ರ ನೋಡಿದ್ದೇನೆ.
>
> 1. ಕ್ಯಾಮೆರಾ 7, 02:17:11ರಿಂದ 02:18:42 (02:24:31ರಿಂದ 02:26:02). ಟ್ಯಾಂಕ್ ಕಡೆಯಿಂದ ಒಬ್ಬ ವ್ಯಕ್ತಿ ಬಂದು ಗುಜರಿ ರಾಶಿಯ ಬಳಿ ಸುಮಾರು 40 ಸೆಕೆಂಡ್ ನಿಂತು, ಬಗ್ಗಿ, ಬಲಗೈಯಲ್ಲಿ ಏನನ್ನೋ ಹಿಡಿದು ಚಿಕ್ಕ ಗೇಟಿನ ಕಡೆಗೆ ಹೋದ. ವಸ್ತು ಯಾವುದೆಂದು ಕಾಣುವುದಿಲ್ಲ. ತಲೆಗೆ ಟೋಪಿ, ತುಂಬು ತೋಳಿನ ಅಂಗಿ. ಮುಖ ಕಾಣುವುದಿಲ್ಲ. ಇನ್‌ಫ್ರಾರೆಡ್ ಚಿತ್ರ, ಬಣ್ಣ ನಂಬುವಂತಿಲ್ಲ. ಹೊಳೆಯುವ ಪಟ್ಟಿ ಕಾಣಲಿಲ್ಲ. 11ರಿಂದ 5ರವರೆಗೆ ಮುಖ್ಯ ಗೇಟ್ ರಿಜಿಸ್ಟರಿನಲ್ಲಿ ಯಾರೂ ಒಳಬಂದ ದಾಖಲೆ ಇಲ್ಲ.
>
> 2. ಕ್ಯಾಮೆರಾ 5, 02:23:45ರಿಂದ 02:28:30 (02:31:05ರಿಂದ 02:35:50). ಪಕ್ಕದ ಓಣಿಯಲ್ಲಿ ಚಿಕ್ಕ ಗೂಡ್ಸ್ ವಾಹನ ಹೆಡ್‌ಲೈಟ್ ಆರಿಸಿ ನಿಂತು ಹೋಯಿತು. ಏರಿದ್ದು ಇಳಿದದ್ದು ಕಾಣುವುದಿಲ್ಲ, ವಾಹನದ ಹಿಂಭಾಗ ಚಿತ್ರದ ಹೊರಗಿದೆ. ನಂಬರ್ ಪ್ಲೇಟ್ ಬೆಳಗಿ ಬಿಳಿಯಾಗಿದೆ, ಓದಲಾಗಲಿಲ್ಲ. 1ಕ್ಕೂ 2ಕ್ಕೂ ಸಂಬಂಧವಿದೆ ಎನ್ನಲು ವೇಳೆ ಹತ್ತಿರವಿರುವುದು ಬಿಟ್ಟು ಬೇರೇನೂ ನನ್ನ ಬಳಿ ಇಲ್ಲ.
>
> 3. ಕ್ಯಾಮೆರಾ 11, 03:40:50ರಿಂದ 03:46:20 (03:48:10ರಿಂದ 03:53:40) ದಾಖಲೆ ಇಲ್ಲ. ಕರೆಂಟ್ ಹೋಗಿ ಜನರೇಟರ್ ಹಾಕಿದ ವೇಳೆಗೆ ಹೊಂದುತ್ತದೆ. ಈ ಕ್ಯಾಮೆರಾದ ಅಡಾಪ್ಟರ್ ಯುಪಿಎಸ್‌ನಲ್ಲಿ ಇಲ್ಲ, ಸಾಮಾನ್ಯ ಪ್ಲಗ್‌ನಲ್ಲಿದೆ.
>
> ಗಾರ್ಡ್ ರೌಂಡ್ಸ್: ರಿಜಿಸ್ಟರಿನಲ್ಲಿ 02:15 (ಅವರ ಗಡಿಯಾರ 2 ನಿಮಿಷ ಮುಂದೆ). ಕ್ಯಾಮೆರಾ 7ರಲ್ಲಿ 02:00ರಿಂದ 02:30ರವರೆಗೆ ಅವರು ಕಾಣಲಿಲ್ಲ. ಅವರು ಹೇಳಿದ್ದು: ಕೆಸರಿದ್ದುದರಿಂದ ಟ್ಯಾಂಕಿನ ಹಿಂದಿನಿಂದ ಹೋದೆ. ನಾನು ಪರೀಕ್ಷಿಸಿದ್ದು: ಕೆಸರು ಇದೆ, ಆ ದಾರಿ ಯಾವ ಕ್ಯಾಮೆರಾಕ್ಕೂ ಕಾಣುವುದಿಲ್ಲ.
>
> ಉಳಿದ ಕೆಲಸ: (ಅ) ಸ್ಟೋರ್‌ನವರು ಗುಜರಿ ರಾಶಿ ಮತ್ತು ಕೇಬಲ್ ಸುರುಳಿ ಎರಡನ್ನೂ ಎಣಿಸಬೇಕು. ನಾನು ಮುಟ್ಟಿಲ್ಲ, ಅಲ್ಲಿ ಯಾರನ್ನೂ ಬಿಟ್ಟಿಲ್ಲ. (ಆ) ಓಣಿಯ ತಿರುವಿನ ಅಂಗಡಿಯ ಕ್ಯಾಮೆರಾ ಬೀದಿದೀಪದ ಕೆಳಗಿದೆ, ದಾಖಲೆ ಎಷ್ಟು ದಿನ ಉಳಿಯುತ್ತದೆ ಎಂದು ಇವತ್ತೇ ಕೇಳಬೇಕು. (ಇ) ಚಿಕ್ಕ ಗೇಟಿನ ಬೀಗ ನೋಡಬೇಕು, ನಾನು ನೋಡಿದಾಗ ಹಾಕಿತ್ತು. (ಈ) ಕ್ಯಾಮೆರಾ 9ರ ಜೇಡರಬಲೆ ಒರೆಸಬೇಕು.
>
> ಕ್ಲಿಪ್: 1 ಮತ್ತು 2, ಪೆನ್‌ಡ್ರೈವ್‌ನಲ್ಲಿ, ಕವರಿನೊಳಗೆ, ನನ್ನ ಸಹಿಯೊಂದಿಗೆ. ಹ್ಯಾಶ್ ಸಂಖ್ಯೆ ಕವರಿನ ಮೇಲೆ ಬರೆದಿದೆ. ಪ್ರತಿ ಬೇರೆ ಯಾರಿಗೂ ಕೊಟ್ಟಿಲ್ಲ.

ಎರಡನೆಯ ಪ್ಯಾರಾ ಬರೆಯಲು ಬಹಳ ಜನ ಹಿಂಜರಿಯುತ್ತಾರೆ, ಏನನ್ನು ನೋಡಿಲ್ಲ ಎಂದು ಒಪ್ಪಿಕೊಂಡಂತಾಗುತ್ತದೆ ಎಂದು. ನನ್ನ ಮಟ್ಟಿಗೆ ಅದೇ ಟಿಪ್ಪಣಿಯ ಬೆಲೆಬಾಳುವ ಸಾಲು. ಅದಿಲ್ಲದಿದ್ದರೆ ಹದಿನಾರೂ ಕ್ಯಾಮೆರಾಗಳನ್ನು ರಾತ್ರಿಯವನು ನೋಡಿ ಮುಗಿಸಿದ್ದಾನೆ ಎಂದುಕೊಂಡು ಬೆಳಗಿನವರು ಸುಮ್ಮನಾಗುತ್ತಾರೆ. "ಉಳಿದ ಕೆಲಸ" ಎಂಬಲ್ಲಿ "ತನಿಖೆ ಮಾಡಬೇಕು" ಎಂದು ಬರೆದರೆ ಯಾರೂ ಏನೂ ಮಾಡುವುದಿಲ್ಲ. ಯಾರು, ಏನನ್ನು, ಎಷ್ಟರೊಳಗೆ ಎಂದು ಬರೆದರೆ ಮಾಡುತ್ತಾರೆ.

ಪುಟಸಂಖ್ಯೆ ಅಚ್ಚಾಗಿರುವ ರಿಜಿಸ್ಟರಿನಲ್ಲೇ ಬರೆಯಿರಿ, ಬಿಡಿ ಹಾಳೆಯಲ್ಲಿ ಬೇಡ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ವೈಟ್ನರ್ ಹಚ್ಚಬೇಡಿ. ಘಟನೆಗೆ ಸಂಬಂಧವಿಲ್ಲದೆ ಕಣ್ಣಿಗೆ ಬಿದ್ದ ಸಂಗತಿಗಳು, ಯಾರು ಯಾರೊಂದಿಗೆ ಮೆಟ್ಟಿಲ ಬಳಿ ಮಾತಾಡುತ್ತ ನಿಂತಿದ್ದರು ಎಂಬಂಥವು, ರಿಜಿಸ್ಟರಿಗೂ ಬೇಡ, ಬಾಯಿಗೂ ಬೇಡ.

ಕೊನೆಯ ಹಂತ: ಚಾರ್ಜ್ ಕೊಡುವುದು

ಟಿಪ್ಪಣಿಯನ್ನು ಮೇಜಿನ ಮೇಲಿಟ್ಟು ಹೋಗಬೇಡಿ. ಹಗಲು ಸೂಪರ್‌ವೈಸರನ್ನು ಮಾನಿಟರ್ ಮುಂದೆ ಕೂರಿಸಿ, ಮೊದಲ ಘಟನೆಯನ್ನು ಬರೀ ಟಿಪ್ಪಣಿ ನೋಡಿಕೊಂಡು ಅವರೇ ತೆರೆಯಲಿ. ನೀವು ಮೌಸ್ ಮುಟ್ಟಬಾರದು, ಬಾಯಿ ಬಿಡಬಾರದು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿಮ್ಮ ಬರವಣಿಗೆ ಕೆಟ್ಟಿದೆ. ಅಂದು ಅವರು ಆವರಣದೊಳಗಿನ ವೇಳೆಯನ್ನು ಬಿಟ್ಟು ಹೊರಗಿನ ವೇಳೆಯನ್ನು ಡಿವಿಆರ್‌ಗೆ ಹಾಕಿದರು, ಖಾಲಿ ಗೋಡೆ ಕಂಡಿತು. ಅಂದಿನಿಂದ ಡಿವಿಆರ್ ವೇಳೆಯ ಕೆಳಗೆ ಗೆರೆ ಎಳೆಯುತ್ತೇನೆ.

ಒಂಬತ್ತೂವರೆಗೆ ಸ್ಟೋರ್‌ನವರು ಎಣಿಸಿದಾಗ ಕೇಬಲ್ ಸುರುಳಿಗಳು ಹನ್ನೆರಡಕ್ಕೆ ಹನ್ನೆರಡೂ ಇದ್ದವು. ಕಡಿಮೆಯಾಗಿದ್ದದ್ದು ಗುಜರಿ ರಾಶಿಯಲ್ಲಿದ್ದ ಹಳೆಯ ಹಿತ್ತಾಳೆ ವಾಲ್ವುಗಳ ಒಂದು ಚೀಲ. ತಿರುವಿನ ಅಂಗಡಿಯ ಡಿವಿಆರ್‌ನಲ್ಲಿ ದಾಖಲೆ ಏಳು ದಿನ ಮಾತ್ರ ಉಳಿಯುತ್ತಿತ್ತು, ಅದೇ ಮಧ್ಯಾಹ್ನ ಕೇಳಿದ್ದರಿಂದ ಸಿಕ್ಕಿತು. ಬೀದಿದೀಪದ ಬೆಳಕಿನಲ್ಲಿ ವಾಹನದ ನಂಬರ್ ಓದುವಂತಿತ್ತು. ಅದನ್ನೂ ಕವರನ್ನೂ ದೂರಿನ ಜೊತೆ ಆಡಳಿತದವರು ಠಾಣೆಗೆ ಕೊಟ್ಟರು. ರಿಜಿಸ್ಟರಿನಲ್ಲಿ ನನ್ನ ಸಹಿಯ ಕೆಳಗೆ ಹಗಲು ಸೂಪರ್‌ವೈಸರ್ ಬರೆದ ಸಾಲು ಹೀಗಿದೆ: "ಓದಿದೆ. 1 ಮತ್ತು 2ನ್ನು ನಾನೇ ತೆರೆದು ನೋಡಿದೆ. ಕವರ್ ಪಡೆದೆ. 08:25, ನನ್ನ ಮೊಬೈಲ್ ವೇಳೆ."